ಅಪ್ಪನ ಜೊತೆ ಸ್ಕೂಟರ್ ಹುಡುಕಿದ್ದು

ಅಪ್ಪನಿಗೆ ಹೊಸ ಶೂ ಕೊಡಿಸಲೆಂದು ಬಸವೇಶ್ವರನಗರದ ಮನೆಯಿಂದ ನನ್ನ ಸ್ಕೂಟರಿನಲ್ಲೇ ರಾಜಾಜಿನಗರದ ಕಡೆಯ ಒಂದು ಮಾಲ್‌ಗೆ ಕರೆದುಕೊಂಡು ಹೋಗಿದ್ದೆ. ಅದು ಎದ್ದಿರುವುದು ಹಿಂದೆ ಅಪ್ಪ ಇಪ್ಪತ್ತೆಂಟು ವರ್ಷ ಫಿಟ್ಟರ್ ಆಗಿ ದುಡಿದ ಕಾರ್ಖಾನೆಯ ಜಾಗದಲ್ಲಿ. ಕಾರ್ಖಾನೆ ಮುಚ್ಚಿದ ಮೇಲೆ ಅವರು ಆ ಕಡೆ ತಲೆ ಹಾಕಿರಲಿಲ್ಲ. ಅವತ್ತೂ ನನ್ನ ಬಲವಂತಕ್ಕೆ ಬಂದಿದ್ದರು.

ಶೂ ಕೊಂಡು, ಅಂಗಡಿಯ ಪಕ್ಕದಲ್ಲೇ ಇದ್ದ ಲಿಫ್ಟ್ ಹತ್ತಿ ಎರಡನೇ ಬೇಸ್‌ಮೆಂಟಿಗೆ ಇಳಿದೆವು. ಸ್ಕೂಟರ್ ಅಲ್ಲಿರಲಿಲ್ಲ. ಅಲ್ಲಿದ್ದುದೆಲ್ಲ ಕಾರುಗಳೇ. ಒಂದರಂತೆ ಇನ್ನೊಂದಿದ್ದ ಕಂಬಗಳ ನಡುವೆ ಎರಡು ಸುತ್ತು ಹಾಕಿದೆ. ಪಾರ್ಕಿಂಗ್ ಚೀಟಿ ತೆಗೆದು ನೋಡಿದರೆ ಗಾಡಿಯ ನಂಬರು, ಒಳಗೆ ಬಂದ ಹೊತ್ತು, ಅಷ್ಟೇ ಇತ್ತು. ಅಪ್ಪನ ಮಂಡಿ ನೋಯಲು ಶುರುವಾಗಿತ್ತು.

ಸ್ಕೂಟರ್ ಸಿಗುತ್ತಿಲ್ಲವೆಂದು ಹೇಳಿದಾಗ ಅಲ್ಲಿದ್ದ ಸೆಕ್ಯೂರಿಟಿಯವರು ತಮ್ಮ ಕುರ್ಚಿಯನ್ನು ಅಪ್ಪನಿಗೆ ಕೊಟ್ಟು ಕೇಳಿದರು: "ಮೇಡಂ, ಟೂ ವೀಲರ್ ಈ ಕಡೆ ಬರೋದೇ ಇಲ್ಲ. ಮೊದಲು ಮೇಲೆ ಹೋದ್ರಲ್ಲ, ಲಿಫ್ಟ್ ಬಾಗಿಲು ತೆಗೆದಾಗ ಎದುರಿಗೆ ಏನಿತ್ತು?"

ನನಗೆ ಒಂದೂ ನೆನಪಾಗಲಿಲ್ಲ. ಆಗ ಫೋನ್ ನೋಡುತ್ತಿದ್ದೆ.

"ಕನ್ನಡಕದ ಅಂಗಡಿ" ಎಂದರು ಅಪ್ಪ. "ಪಕ್ಕದಲ್ಲಿ ಮಕ್ಕಳು ಕೂತ್ಕೊಳ್ಳೋ ಪುಟ್ಟ ರೈಲು."

"ಹಾಗಾದ್ರೆ ಆ ಕೊನೇ ಲಿಫ್ಟು, ಸಾರ್. ನಡುವೆ ಗೋಡೆ ಇದೆ, ಇಲ್ಲಿಂದ ದಾರಿ ಇಲ್ಲ. ಗ್ರೌಂಡ್ ಫ್ಲೋರಿಗೆ ಹೋಗಿ, ಆ ತುದಿವರೆಗೂ ನಡೆದು, ಆ ಲಿಫ್ಟಲ್ಲೇ ಇಳೀರಿ."

"ನೀವು ಇಲ್ಲೇ ಕೂತಿರಿ ಅಪ್ಪ. ನಾನು ಗಾಡಿ ತಂದು ಹೊರಗಡೆ ಗೇಟಿಂದ ಫೋನ್ ಮಾಡ್ತೀನಿ" ಎಂದೆ. ಅಪ್ಪ ಒಪ್ಪಲಿಲ್ಲ.

ಗ್ರೌಂಡ್ ಫ್ಲೋರಿನಲ್ಲಿ ಗಾಜಿನ ಮಾಡಿನ ಕೆಳಗೆ ನಿಧಾನವಾಗಿ ನಡೆಯುತ್ತಿದ್ದ ಅಪ್ಪ ಒಂದು ಕಡೆ ನಿಂತುಬಿಟ್ಟರು. ಹೊರಗೆ, ಗಾಜಿನಾಚೆ, ದೊಡ್ಡದೊಂದು ಮಳೆಮರ ಕಾಣುತ್ತಿತ್ತು.

"ಈ ಮರ ಕಡ್ದಿಲ್ಲ ಕಣೇ" ಎಂದರು. "ಹಂಗಂದ್ರೆ ನಮ್ಮ ಕ್ಯಾಂಟೀನು ಇಲ್ಲೇ, ನಾವು ನಿಂತಿರೋ ಕಡೆ. ನೀನು ಹುಟ್ಟಿದ ಸುದ್ದಿ ಇಲ್ಲೇ ಬಂದಿದ್ದು. ಹಾಜರಿ ನೋಡೋ ಟೈಮ್ ಆಫೀಸಿನವರು ಓಡಿಬಂದು ಹೇಳಿದ್ರು. ಊಟದ ತಟ್ಟೆ ಹಾಗೇ ಬಿಟ್ಟು ಹೊರಟೆ. ಸೈಕಲ್ ಸ್ಟ್ಯಾಂಡಲ್ಲಿ ನನ್ನ ಸೈಕಲ್ಲೇ ಸಿಗ್ಲಿಲ್ಲ. ಕೊನೆಗೆ ಯಾರದೋ ಸೈಕಲ್ ಹತ್ತಿ ಆಸ್ಪತ್ರೆಗೆ ಬಂದೆ."

"ಅದನ್ನ ಯಾವತ್ತೂ ಹೇಳೇ ಇಲ್ಲವಲ್ಲಪ್ಪ!"

"ಕೇಳಿದ್ರೆ ತಾನೇ" ಎಂದು ನಕ್ಕರು. ಅವರ ಕಣ್ಣು ಒದ್ದೆಯಾಗಿತ್ತು. ಬಹಳ ಹೊತ್ತು ಅಲ್ಲೇ ನಿಂತೆವು. ಅಂಗಡಿ ಚೀಲಗಳನ್ನು ಹಿಡಿದ ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು.

ಕೊನೆಯ ಲಿಫ್ಟಿನಲ್ಲಿ ಇಳಿದಾಗ ಎದುರಿಗೆ ಸಾಲುಸಾಲು ಬೈಕುಗಳು. ನಾಲ್ಕನೇ ಸಾಲಿನಲ್ಲಿ ನನ್ನ ಗಾಡಿ ಸಿಕ್ಕಿತು. ರ‍್ಯಾಂಪ್ ಏರಿ ಬಿಸಿಲಿಗೆ ಬಂದೊಡನೆ ಅಪ್ಪ ನನ್ನ ಭುಜ ತಟ್ಟಿ, "ಆ ಮರದ ಹತ್ರ ಒಂಚೂರು ನಿಲ್ಲಿಸ್ತೀಯಾ?" ಎಂದರು.

ನಿಲ್ಲಿಸಿದೆ.