ಎಂಟರ ಕ್ರಿಸ್ಟಲ್

ಹಾವೇರಿಯ ಡಿಪ್ಲೊಮಾ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ನಾನು ಇನ್‌ಸ್ಟ್ರಕ್ಟರ್. ರಾಣೇಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಹುಡುಗರ ಸರ್ಕ್ಯೂಟ್ ಕೈಕೊಟ್ಟರೆ ಎಲ್ಲಿ ತಪ್ಪಿದೆಯೆಂದು ನೋಡಿದ ಕೂಡಲೇ ಹೇಳುತ್ತೇನೆ ಎಂಬ ಜಂಬ ನನಗಿತ್ತು.

ಆ ವರ್ಷದ ಕೊನೆಯ ಪ್ರಾಜೆಕ್ಟ್ ಪರೀಕ್ಷೆಗೆ ಬ್ಯಾಡಗಿಯ ಹುಡುಗಿಯೊಬ್ಬಳು ಒಣಮೆಣಸಿನಕಾಯಿಯ ತೇವ ಅಳೆಯುವ ಸಾಧನ ಮಾಡಿದ್ದಳು. ಅವರಪ್ಪನದು ಮೆಣಸಿನಕಾಯಿ ವ್ಯಾಪಾರ. ಮಾರುಕಟ್ಟೆಯಲ್ಲಿ ಕಾಯಿಯನ್ನು ಮುಷ್ಟಿಯಲ್ಲಿ ಹಿಚುಕಿ 'ಹಸಿ ಐತಿ' ಎನ್ನುತ್ತಾರೆ, ಅದಕ್ಕೆ ಬದಲು ಒಂದು ಅಂಕಿ ಕಾಣಬೇಕು ಎಂಬುದು ಅವಳ ಆಸೆ. ಈ ಪರೀಕ್ಷೆ ಪಾಸಾದರೆ ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರ ಸೀಟು. ತಪ್ಪಿದರೆ ಆ ವರ್ಷ ಹೋದಂತೆಯೇ.

ನಮ್ಮಲ್ಲಿ ಒಂದು ರೂಢಿಯಿದೆ. ಲ್ಯಾಬಿನ ಬೋರ್ಡಿನಲ್ಲಿ ಚಿಪ್ಪಿಗೆ ಪ್ರೋಗ್ರಾಮ್ ತುಂಬಿ, ಆಮೇಲೆ ಚಿಪ್ಪನ್ನು ಕಿತ್ತು, ಹುಡುಗರೇ ಬೆಸುಗೆ ಹಾಕಿದ ಬೋರ್ಡಿನಲ್ಲಿ ಕೂರಿಸುವುದು. ಹಾಗೆ ಮಾಡಿದರೆ ಲ್ಯಾಬಿನ ಬೋರ್ಡ್ ನಮ್ಮಲ್ಲೇ ಉಳಿಯುತ್ತದೆ. ಚಿಪ್ಪಿನ ಪಕ್ಕದಲ್ಲಿ ಅದಕ್ಕೆ ತಾಳ ಹಾಕುವ ಕ್ರಿಸ್ಟಲ್ ಒಂದು ಬೇಕು. ಹದಿನಾರು ಮೆಗಾಹರ್ಟ್ಸ್‌ನದು. ಹಿಂದಿನ ದಿನ ಅವಳು ಕೇಳಿದಾಗ ನಾನು ಹಳೆಯ ಬೋರ್ಡುಗಳಿಂದ ಬಿಚ್ಚಿದ್ದನ್ನೆಲ್ಲ ತುಂಬಿಡುವ ತಗಡಿನ ಡಬ್ಬಿಗೆ ಕೈ ಹಾಕಿ ಒಂದನ್ನು ಕೊಟ್ಟೆ. ಮೇಲಿನ ಅಂಕಿ ಓದಲು ಕನ್ನಡಕ ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಅವಳು ಲ್ಯಾಪ್‌ಟಾಪಿನಲ್ಲಿ, ಚಿಪ್ಪು ಕಳಿಸಿದ್ದನ್ನು ಅಕ್ಷರವಾಗಿ ತೋರಿಸುವ ಸೀರಿಯಲ್ ಮಾನಿಟರ್ ತೆರೆದಳು. ತೇವದ ಅಂಕಿ ಬರಬೇಕಾದ ಕಡೆ ಚೌಕಗಳು, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆಗಳು, ಯಾವ ಭಾಷೆಗೂ ಸೇರದ ಗೀಚು.

"ಬಾಡ್ ರೇಟ್ ತಪ್ಪೇತಿ. ಕಳಿಸೋ ವೇಗ, ಓದೋ ವೇಗ ಒಂದ ಇರಬೇಕು ಅಂತ ಎಷ್ಟ ಸಲ ಹೇಳೇನಿ?" ಎಂದು ನಾನು ಮುಂದೆ ಬಂದೆ. ನೋಡಿದರೆ ಪ್ರೋಗ್ರಾಮಿನಲ್ಲೂ 9600, ಮಾನಿಟರಿನಲ್ಲೂ 9600. ಗ್ರೌಂಡ್ ತಂತಿ ಎರಡೂ ಕಡೆ ಸೇರಿದೆಯೇ ಎಂದು ಎಳೆದು ನೋಡಿದೆ, ಸೇರಿತ್ತು. ಕೇಬಲ್ ಬದಲಿಸಿದೆ. ಮಾನಿಟರಿನ ವೇಗವನ್ನು 19200, 57600, 115200 ಎಂದು ಏರಿಸುತ್ತ ಹೋದೆ. ಗೀಚಿನ ವೇಷ ಬದಲಾಯಿತೇ ಹೊರತು ಅಕ್ಷರ ಮೂಡಲಿಲ್ಲ.

"ಸರ್, ಆ ಲೈಟ್ ನೋಡ್ರಿ," ಎಂದಳು ಹುಡುಗಿ. "ಸೆಕೆಂಡಿಗೊಮ್ಮೆ ಮಿನುಗಬೇಕಿತ್ತು. ಭಾಳ ಸಾವಕಾಶ ನಡದೈತ್ರಿ."

ಪರೀಕ್ಷಕರ ಎದುರು ನನ್ನ ಮಾನ ಹೋಗುತ್ತಿತ್ತು. "ಲೈಟ್ ಬಿಡು. ಎಲ್ಲಿಂದರ ಪ್ರೋಗ್ರಾಮ್ ತಂದು ಅಂಟಿಸಿರಬೇಕು ನೀ," ಎಂದು ಬಾಯಿ ಮುಚ್ಚಿಸಿದೆ. ಅವಳ ಮುಖ ಸಣ್ಣದಾಯಿತು. ಪರೀಕ್ಷಕರು ಹಾಳೆಯ ಮೇಲೆ ಏನೋ ಬರೆದು ಮುಂದಿನ ಮೇಜಿಗೆ ನಡೆದರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ, ಮೇಜಿನ ಮೇಲೆ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ ಅವಳ ಬೋರ್ಡ್ ಇನ್ನೂ ಮಿನುಗುತ್ತಿತ್ತು. ಗಡಿಯಾರ ನೋಡಿ ಎಣಿಸಿದೆ. ಎರಡು ಸೆಕೆಂಡಿಗೊಮ್ಮೆ. ಎಲ್ಲವೂ ಅರ್ಧ ವೇಗದಲ್ಲಿ ನಡೆಯುತ್ತಿದೆಯೆಂದರೆ ಅಕ್ಷರಗಳೂ ಅರ್ಧ ವೇಗದಲ್ಲೇ ಹೊರಡಬೇಕು. ಮಾನಿಟರನ್ನು 4800ಕ್ಕೆ ಇಳಿಸಿದೆ. ಬೆಳಿಗ್ಗೆಯೆಲ್ಲ ಏರಿಸಿದ್ದೆ, ಒಮ್ಮೆಯೂ ಇಳಿಸಿರಲಿಲ್ಲ. ತೇವ ಹನ್ನೊಂದು, ತೇವ ಹನ್ನೊಂದು ಎಂದು ಸಾಲುಸಾಲಾಗಿ ಸ್ವಚ್ಛವಾಗಿ ಬಂತು. ಕನ್ನಡಕ ಹಾಕಿ ಕ್ರಿಸ್ಟಲ್ ನೋಡಿದೆ. 8.000. ಹದಿನಾರರ ಜಾಗದಲ್ಲಿ ಎಂಟರದು.

ಪರೀಕ್ಷಕರು ಇನ್ನೂ ಪ್ರಿನ್ಸಿಪಾಲರ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಅಂಕಪಟ್ಟಿಯ ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಬಾಗಿಲವರೆಗೂ ಹೋದೆ.

"ಏನ್ರಿ?" ಎಂದರು ಅವರು.

ಇಪ್ಪತ್ತು ವರ್ಷದ ನೌಕರಿ, ಪ್ರಿನ್ಸಿಪಾಲರು ಎದುರಿಗೇ ಕುಳಿತಿದ್ದಾರೆ. "ಗಾಡಿ ಬಂದೈತ್ರಿ, ಸರ್," ಎಂದೆ. ನಾಚಿಕೆಗೇಡಿನ ಮಾತು. ನಾನೇ ಅವರ ಚೀಲ ಹೊತ್ತು ಗಾಡಿಯವರೆಗೆ ಬಿಟ್ಟುಬಂದೆ.

ಅವಳು ಫೇಲಾದಳು. ಸೀಟು ತಪ್ಪಿತು. ಮತ್ತೆ ಪರೀಕ್ಷೆ ಕಟ್ಟಲು ಲ್ಯಾಬಿನ ಸಾಮಾನು ವಾಪಸು ಕೊಟ್ಟ ಸಹಿ ಬೇಕು. ಅದಕ್ಕೆಂದು ಒಂದು ದಿನ ಬಂದಳು. ತಂತಿ, ಕೇಬಲ್ ಎಲ್ಲ ಮೇಜಿನ ಮೇಲಿಟ್ಟು, ಕೊನೆಗೆ ಕಾಗದದಲ್ಲಿ ಮಡಚಿದ ಕ್ರಿಸ್ಟಲನ್ನು ಬಿಚ್ಚಿ ನನ್ನ ಮುಂದೆ ಸರಿಸಿದಳು.

"ಇದು ಎಂಟರದ ಇತ್ರಿ, ಸರ್. ಮನಿಗೆ ಹೋಗಿ ನೋಡಿದೆ," ಎಂದಳು. "ನೀವು ಕೊಟ್ಟಾಗ ನಾ ಓದಿ ತಗೋಬೇಕಿತ್ತು. ತಪ್ಪು ನಂದ ಐತ್ರಿ."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಹೂಂ. ಇನ್ನ ಮ್ಯಾಲೆ ನೋಡಿ ತಗೋವಾ," ಎಂದು ಹೇಳಿ ಸಹಿ ಹಾಕಿದೆ.