ಮೈಕಿಗಾಗಿ ನಿಂತ ಮಗ್ಗಗಳು

ನಮ್ಮ ಬನಹಟ್ಟಿ ಓಣಿಯಲ್ಲಿ ಹಬ್ಬ ಬಿಟ್ಟರೆ ಮಗ್ಗ ನಿಲ್ಲುವುದು ಎರಡೇ ಕಾರಣಕ್ಕೆ: ಕರೆಂಟ್ ಹೋದರೆ, ಇಲ್ಲವೇ ಯಾರಾದರೂ ತೀರಿಕೊಂಡರೆ. ಮೈಕ್ ಕೆಟ್ಟಿತೆಂದು ನಿಂತದ್ದನ್ನು ನೋಡಿದವರಲ್ಲಿ ನಾನೂ ಒಬ್ಬ.

ಮೈಕ್ ಅಕ್ಕನದು. ಸಂಜೆ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಹತ್ತನೇ ಇಯತ್ತೆಯ ಮಕ್ಕಳಿಗೆ ಗಣಿತ ಹೇಳುತ್ತಾಳೆ. ಮಗ್ಗದ ಸಪ್ಪಳ ಬಿಟ್ಟು ಬಾಯಿ ಹತ್ತಿರದ ದನಿಯನ್ನಷ್ಟೇ ಹಿಡಿಯುತ್ತದೆಂದು ಜಮಖಂಡಿಯ ಅಂಗಡಿಯಿಂದ ಮೈಕ್ ತಂದಳು. ಕಾಲು ತಾಸು ಛಲೋ ನಡೆದು, ಆಮೇಲೆ ‘ಚರ್’ ಎಂದು ಉಗುಳಿ ದನಿಯನ್ನೇ ನುಂಗುತ್ತಿತ್ತು. ಮಕ್ಕಳು ಒಬ್ಬೊಬ್ಬರಾಗಿ ಕ್ಲಾಸು ಬಿಡತೊಡಗಿದರು. ಸೋಮವಾರದಿಂದ ಹೊಸ ಬ್ಯಾಚ್. ಅದೂ ಹೀಗೇ ಆದರೆ ಕ್ಲಾಸು ಮುಚ್ಚುವುದೇ.

ದೂರಿನ ಪತ್ರ ನಾನು ಬರೆಯುತ್ತೇನೆಂದೆ. ಕಂಡವರ ದನಿ ತೆಗೆಯುವುದು ನನ್ನ ಚಟ; ಅಂಗಡಿಯವರ ಗೊಗ್ಗರು ದನಿಯಲ್ಲೇ ಹೇಳಿಯೂ ತೋರಿಸಿದೆ. ಅಕ್ಕ ನಗಲಿಲ್ಲ, ತಾನೇ ಬರೆದಳು: “ಬೇರೆ ಕೇಬಲ್ ಹಾಕಿ, ಬೇರೆ ಲ್ಯಾಪ್‌ಟಾಪಿನಲ್ಲೂ ನೋಡಿದ್ದೇವೆ. ಬಳಸಿ ಕಾಲು ತಾಸಾದ ಮೇಲೆ ದನಿ ಕಡಿಯುತ್ತದೆ. ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ. ರಿಪೇರಿ ಬೇಡ, ಬದಲಿ ಮೈಕ್ ಕೊಡಬೇಕೆಂದು ವಿನಂತಿ.”

ಪತ್ರ, ಮೈಕ್ ಹಿಡಿದು ಇಬ್ಬರೂ ಜಮಖಂಡಿಗೆ ಹೋದೆವು. ಅಂಗಡಿಯವರು ಪತ್ರ ಓದಿ ಮೈಕ್ ಹಚ್ಚಿದರು. ಒಂದು ನಿಮಿಷ ಅದು ಅವರೆದುರು ಶಾಣ್ಯಾ ಹುಡುಗನಂತೆ ಮಾತಾಡಿತು. ಅಕ್ಕ ಮೊಬೈಲಿನಲ್ಲಿದ್ದ ಕ್ಲಾಸಿನ ರೆಕಾರ್ಡಿಂಗ್ ಕೇಳಿಸಿದಳು.

“ಇದು ಮೈಕಿನ ತಪ್ಪಲ್ಲ ತಂಗಿ, ನಿಮ್ಮ ಮಗ್ಗದ ಸಪ್ಪಳ,” ಎಂದರು ಅಂಗಡಿಯವರು. ಆಮೇಲೆ ನನ್ನ ಕಡೆ ತಿರುಗಿ, “ಇಲ್ಲಾ ಈ ನಿನ್ನ ತಮ್ಮ ಬಾಯಿಲೆ ಮಾಡಿರಬೇಕು. ಹೋದ ಸಲ ನನ್ನ ಮುಂದ ನನ್ನ ದನಿನ ತಗದಾವ ಇವಾ.”

“ನಿಮ್ಮ ದನಿ ತಗಿಯೂದು ಸಸಾರ ಐತ್ರಿ. ಮೈಕಿನ ದನಿ ನನಗ ಬರೂದಿಲ್ಲ.”

“ಸಪ್ಪಳಿಲ್ಲದ ರೆಕಾರ್ಡಿಂಗ್ ತರ್ರಿ, ಈ ವಾರದಾಗ ಆದ್ರ ಬದಲಿ ಕೊಡ್ತೇನಿ. ಮುಂದ ಹೋದ್ರ ಕಂಪನಿಗೆ ಕಳಸಬೇಕಾಗತೈತಿ, ಅವ್ರು ಯಾವಾಗ ಕೊಡ್ತಾರೋ ದೇವರಿಗೇ ಗೊತ್ತು.”

ಕರೆಂಟ್ ಹೋಗಲೆಂದು ಕಾದೆವು. ಬೇಡವೆಂದಾಗ ಹೋಗುವ ಕರೆಂಟ್ ಆ ವಾರ ಕಣ್ಣು ಮಿಟುಕಿಸಲಿಲ್ಲ. ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಅಪ್ಪ ತಮ್ಮ ಮಗ್ಗಗಳ ಸ್ವಿಚ್ ಆರಿಸಿದರು. ಆದರೂ ಗೋಡೆಯಾಚೆ ಪಕ್ಕದ ಮನೆಯವರದು ಖಟಾಖಟ್. ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಬಿದ್ದರು. ಮಗ್ಗದ ಗದ್ದಲದಲ್ಲೇ ಮಾತಾಡಿ ಮಾತಾಡಿ ಅವರ ದನಿ ಕೂಗಾಗಿದೆ, ಹಾಗಾಗಿ ಮನೆಮನೆಗೆ ಹೇಳಿದ್ದೆಲ್ಲ ನಮಗೂ ಕೇಳಿಸಿತು.

“ಒಂದರ್ಧ ತಾಸು ಬಂದ್ ಇಡ್ರಿ. ಮಗಳ ಸಾಲಿ ಐತಿ.”

ಒಂದು ಮನೆ ನಿಂತಿತು. ಅದರಾಚೆಯದು. ಓಣಿಯ ತುದಿಯವರೆಗೂ ಒಂದೊಂದಾಗಿ. ಎದುರು ಮನೆಯ ಆಯಿ ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದಳು.

“ಯಾರು ಹೋದ್ರೋ?”

“ಮೈಕ್ ಹೋತಬೇ ಆಯಿ,” ಎಂದೆ.

“ಮುಚ್ಚು ಬಾಯಿ,” ಎಂದಳು. ಅದೇ ನನ್ನ ಕೆಲಸವಾಗಿತ್ತು. ನನ್ನ ಮೇಲಿನ ಸಂಶಯ ಹೋಗಲೆಂದು ಅಕ್ಕ ನನ್ನ ಬಾಯಿತುಂಬ ನೀರು ತುಂಬಿಸಿ, ವಿಡಿಯೋದಲ್ಲಿ ಕಾಣುವ ಹಾಗೆ ತನ್ನ ಪಕ್ಕಕ್ಕೇ ಕೂರಿಸಿಕೊಂಡಳು. ಉಬ್ಬಿದ ಗಲ್ಲದ ನಾನು ಮಾವಿನಕಾಯಿ ಕದ್ದ ಮಂಗ.

ಅಕ್ಕ ಪಾಠ ಶುರು ಮಾಡಿದಳು. ಹುಟ್ಟಿದಾಗಿನಿಂದ ನನ್ನ ಕಿವಿಯೊಳಗಿದ್ದ ಸಪ್ಪಳ ಇರಲಿಲ್ಲ. ಗುಬ್ಬಿ ಕೂಗಿತು. ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುವುದು ಕೇಳಿತು. ಅಂಗಳದಲ್ಲಿ ಓಣಿಯ ನೇಕಾರರೆಲ್ಲ ಬಂದು ಕೆಮ್ಮನ್ನೂ ತಡೆದುಕೊಂಡು ಕುಳಿತಿದ್ದರು. ಆ ಮೌನದೊಳಗೆ ಅಕ್ಕನ ದನಿ ನೂಲಿನ ಎಳೆಯಂತೆ ಬರುತ್ತಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳ ದನಿ ಹೀಗಿದೆಯೆಂದು ನನಗೆ ಗೊತ್ತಿರಲಿಲ್ಲ. ನೀರು ಗಂಟಲಿಗಿಳಿಯದಂತೆ ತಡೆಯುವುದೇ ಕಷ್ಟವಾಯಿತು.

ಕಾಲು ತಾಸು ದಾಟಿದ ಮೇಲೆ ಮೈಕಿಗೆ ಹೆಡ್‌ಫೋನ್ ಹಚ್ಚಿಕೊಂಡು ಕೇಳುತ್ತಿದ್ದ ಅಪ್ಪ ಕೈ ಎತ್ತಿದರು. ಚರ್ ಎಂದಿತ್ತು.

ಆವತ್ತೇ ಜಮಖಂಡಿಗೆ ಹೋದೆವು. ಅಂಗಡಿಯವರು ವಿಡಿಯೋದಲ್ಲಿ ನನ್ನ ಉಬ್ಬಿದ ಗಲ್ಲ ನೋಡಿ ನಗುತ್ತಲೇ ರೆಕಾರ್ಡಿಂಗ್ ಕೇಳಿದರು. ದನಿ ಕಡಿದಲ್ಲಿ ನಗು ನಿಂತಿತು. ಹಿಂದೆ ಸರಿಸಿ ಮತ್ತೆ ಕೇಳಿದರು.

“ಮಗ್ಗ ಎಲ್ಲಿ ಹೋದುವು?”

“ಓಣಿ ಪೂರಾ ನಿಲ್ಲಿಸಿದ್ರು,” ಎಂದಳು ಅಕ್ಕ.

“ಹಾಡ್ಯಾ ಹಗಲ?”

“ಹೂಂನ್ರಿ.”

ಅವರ ಅಜ್ಜನೂ ನಮ್ಮೂರ ಪಕ್ಕದ ರಬಕವಿಯಲ್ಲಿ ನೇಯುತ್ತಿದ್ದವನಂತೆ. ಪತ್ರದ ಮೇಲೆ ‘ಬದಲಿ ಕೊಡಲಾಗಿದೆ’ ಎಂದು ಬರೆದು ಸಹಿ ಹಾಕಿ ಹೊಸ ಡಬ್ಬಿ ತೆಗೆದರು. ಅದನ್ನೂ ಅರ್ಧ ತಾಸು ಹಚ್ಚಿಟ್ಟು ನನ್ನನ್ನೇ ಮಾತಾಡಿಸಿದರು. ನಾನು ಅಪ್ಪನಾದೆ, ಆಯಿಯಾದೆ, ಅವರ ಅಪ್ಪಣೆ ಪಡೆದು ಅವರೂ ಆದೆ.

“ನಿಮ್ಮಕ್ಕನ್ನೂ ತಗಿ ನೋಡೂಣು.”

“ಅದು ಬರೂದಿಲ್ರಿ,” ಎಂದೆ. ಖರೆ ಹೇಳಿದರೂ ಅವರು ನಂಬಲಿಲ್ಲ.

ಸೋಮವಾರ ಸಂಜೆ ಗೋಡೆಯಾಚೆ ಮಗ್ಗಗಳು ಎಂದಿನಂತೆ ಹೊಡೆಯುತ್ತಿದ್ದವು. ಕಾಲು ತಾಸಾದ ಮೇಲೆ ಅಕ್ಕ ಪಾಠ ನಿಲ್ಲಿಸಿ, “ಕೇಳಾಕತ್ತೈತಿ?” ಎಂದಳು. ಬಾಗಿಲ ಹೊರಗೆ ಅಪ್ಪನೂ ನಾನೂ ಉಸಿರು ಹಿಡಿದು ನಿಂತಿದ್ದೆವು. ಒಳಗಿಂದ ಮಕ್ಕಳ ದನಿಗಳು ಒಂದರ ಮೇಲೊಂದು ಬಿದ್ದು ಬಂದವು: ಕೇಳಾಕತ್ತೈತ್ರಿ ಟೀಚರ್, ಮುಂದ ಹೇಳ್ರಿ.