ಅವ್ವನ ಕಣ್ಣಿನ ದಿನ ಕೈಕೊಟ್ಟ ಬ್ಯಾಟರಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಬೆಳಿಗ್ಗೆ ಸಂತಪುರದ ನಮ್ಮ ಅಂಗಳದಲ್ಲಿ ಅಪ್ಪ ಕಾರಿನ ಕೀಲಿ ತಿರುವಿದಾಗ ಬರೀ ಟಕಟಕ ಸದ್ದು ಬಂತು, ದೀಪಗಳು ಮಂಕಾದವು. ಒಂಬತ್ತಕ್ಕೆ ಬೀದರಿನ ಆಸ್ಪತ್ರೆಯಲ್ಲಿ ಅವ್ವನ ಕಣ್ಣಿನ ಪೊರೆ ತೆಗೆಯುವವರಿದ್ದರು. ಎರಡು ಸಲ ಹೆದರಿ ತಪ್ಪಿಸಿಕೊಂಡಿದ್ದಳು. ಈ ಸಲ ಒಪ್ಪಿಸಲೆಂದೇ ನಾನು ಕಲಿಸುವ ಭಾಲ್ಕಿಯ ಶಾಲೆಗೆ ರಜೆ ಹಾಕಿ ಬಂದಿದ್ದೆ.

"ಬಿಡ್ರಿ, ಇವತ್ತ ಬ್ಯಾಡ," ಎಂದು ಅವ್ವ ಚಪ್ಪಲಿ ಕಳಚಿದಳು. ಒಳಗೆ ಹೋದಳೆಂದರೆ ಮತ್ತೆ ಹೊರಡುವವಳಲ್ಲ.

"ಏನ್ ಮಾಡೀರಿ ಅಪ್ಪಾ ಇದಕ್ಕ?" ಎಂದೆ.

"ನಿನ್ನೆ ಮಧ್ಯಾಹ್ನ ಕರೆಂಟ್ ಇರ್ಲಿಲ್ಲ. ನಿಮ್ಮವ್ವನ್ನ ಕಾರಿನಾಗ ಕುಂದ್ರಿಸಿ ಫ್ಯಾನಿನ ಗಾಳಿ ಹಚ್ಚಿದ್ದೆ. ಇಂಜಿನ್ ಬಂದ್ ಇತ್ತು," ಎಂದರು.

"ಎಷ್ಟೊತ್ತು?"

"ಸಂಜಿತನ."

ನನ್ನ ಬಾಯಿಗೆ ತಡೆ ಇರಲಿಲ್ಲ. ಇಂಜಿನ್ ಓಡಿದರೆ ತಾನೇ ಬ್ಯಾಟರಿ ತುಂಬೋದು, ಬಂದ್ ಇದ್ದಾಗ ಗಾಳಿ ಹಚ್ಚಿದರೆ ಬರೀ ಖಾಲಿಯಾಗುತ್ತದೆ, ಇಷ್ಟು ವರ್ಷ ಕಾರು ಓಡಿಸಿದವರಿಗೆ ಇಷ್ಟೂ ತಿಳಿಯದೇ ಎಂದು ಓಣಿಗೆಲ್ಲ ಕೇಳುವಂತೆ ಒದರಿದೆ. ಅಪ್ಪ ತಲೆ ತಗ್ಗಿಸಿ ನಿಂತರು.

ನನ್ನ ಗದ್ದಲ ಕೇಳಿ ಪಕ್ಕದ ಮನೆಯಾತ ತನ್ನ ಪಿಕಪ್ಪನ್ನೂ, ಅದರ ಬ್ಯಾಟರಿಯಿಂದ ನಮ್ಮದಕ್ಕೆ ಕರೆಂಟು ಕೊಡಲು ಎರಡು ದಪ್ಪ ವಯರನ್ನೂ ತಂದ. ಎರಡು ಗಾಡಿ ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಎರಡನ್ನೂ ಬಂದ್ ಮಾಡಿಸಿದ. ನಮ್ಮ ಬ್ಯಾಟರಿ ಒಡೆದಿಲ್ಲ, ಉಬ್ಬಿಲ್ಲ ಎಂದು ನೋಡಿದ. "ಎರಡೂ ಹನ್ನೆರಡು ವೋಲ್ಟ್ ಅವ, ನಡೀತದ," ಎಂದ. ಕೆಂಪು ವಯರಿನ ಒಂದು ತುದಿ ನಮ್ಮ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತನ್ನದರ ಪ್ಲಸ್ಸಿಗೆ. ಕಪ್ಪು ವಯರು ತನ್ನದರ ಮೈನಸ್ಸಿಗೆ. ಉಳಿದ ಕಪ್ಪು ತುದಿಯನ್ನು ಅಪ್ಪ ನಮ್ಮ ಬ್ಯಾಟರಿಗೇ ಹಚ್ಚಲು ಹೋದರು.

"ಅಲ್ಲಿ ಬ್ಯಾಡ್ರಿ ಕಾಕಾ. ಕೊನೀಗಿ ಹಚ್ಚೋದಕ್ಕ ಕಿಡಿ ಬರ್ತದ, ಬ್ಯಾಟರಿ ಹತ್ರ ಗ್ಯಾಸ್ ಇರ್ತದ. ದೂರ, ಇಂಜಿನ್ನಿನ ಬಣ್ಣ ಇಲ್ಲದ ಕಬ್ಬಿಣಕ್ಕ ಹಚ್ರಿ," ಎಂದ.

ನಿಂತಲ್ಲೇ ಪಿಕಪ್ಪಿನ ಇಂಜಿನ್ ಐದು ನಿಮಿಷ ಓಡಿತು. ಅಪ್ಪ ಕೀಲಿ ತಿರುವಿದರು. ಕಾರು ಒಮ್ಮೆ ನರಳಿ, ಚಾಲೂ ಆಯಿತು. ಹಚ್ಚಿದ್ದರ ಉಲ್ಟಾ ಕ್ರಮದಲ್ಲಿ ಆತ ವಯರು ಬಿಚ್ಚಿದ. "ಬೀದರ ಮುಟ್ಟೋತನ ಬಂದ್ ಮಾಡಬ್ಯಾಡ್ರಿ." ನಾನು ಅವ್ವನ ಕಾಲಿಗೆ ಚಪ್ಪಲಿ ಮೆಟ್ಟಿಸಿ ಹಿಂದಿನ ಸೀಟಿನಲ್ಲಿ ಕೂಡಿಸಿದೆ. ದಾರಿಯುದ್ದಕ್ಕೂ ಅವಳ ಕೈ ನನ್ನ ಕೈಯಲ್ಲಿತ್ತು.

ಆಸ್ಪತ್ರೆಯಲ್ಲಿ ಅವ್ವನನ್ನು ಒಳಗೆ ಕರೆದೊಯ್ದ ಮೇಲೆ ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಒದರಿದ್ದಕ್ಕೆ ನನಗೆ ನಾಚಿಕೆಯಾಗಿತ್ತು. "ನಿಮಗ ಗೊತ್ತಿರ್ಲಿಲ್ಲ, ಬಿಡ್ರಿ," ಎಂದೆ.

"ಗೊತ್ತಿತ್ತವ್ವಾ," ಎಂದರು ಅಪ್ಪ. "ಗಾಳಿ ಕಡಿಮಿ ಆಗ್ಲಿಕತ್ತಾಗ ಬ್ಯಾಟರಿ ಇಳೀಲಿಕತ್ತದಂತ ತಿಳೀತು. ಆದ್ರ ಇಂಜಿನ್ ಚಾಲೂ ಮಾಡಿದ್ರ ಎಚ್ಚರಾಗ್ತಿತ್ತು. ಅಂಜಿಕಿಗಿ ಮೂರು ದಿನದಿಂದ ಕಣ್ಣ ಮುಚ್ಚಿರ್ಲಿಲ್ಲ ಅಕಿ. ಆಗಷ್ಟೇ ನಿದ್ದಿ ಹತ್ತಿತ್ತು."